ಲೆಕ್ಕ ಬಲ್ಲವರು, ಲೆಕ್ಕ ಕಲಿಸಬಲ್ಲವರು: ಬೋಧನಾತ್ಮಕ ವಿಷಯ ಜ್ಞಾನದ ಪರಿಕಲ್ಪನೆ ಬೆಳೆದ ಬಗೆ

1875ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ನಡೆಸಿದ ಅರ್ಹತಾ ಪರೀಕ್ಷೆಗೆ ಒಟ್ಟು 1000 ಅಂಕ. ಅಂಕಗಣಿತ, ಬೀಜಗಣಿತ, ವ್ಯಾಕರಣ, ಭೂಗೋಳ, ಶರೀರಶಾಸ್ತ್ರ, ಕಡೆಗೆ ಸಂಗೀತ ಮತ್ತು ಕೈಬರಹದವರೆಗೆ ಪ್ರಶ್ನೆಗಳಿದ್ದವು. ಬೋಧನೆಯ ತತ್ತ್ವ ಮತ್ತು ಪ್ರಯೋಗಕ್ಕೆಂದು ಮೀಸಲಾಗಿದ್ದದ್ದು 50 ಅಂಕ ಮಾತ್ರ. ನೂರು ವರ್ಷ ಕಳೆಯುವಷ್ಟರಲ್ಲಿ ತಕ್ಕಡಿ ಪೂರ್ತಿ ಇನ್ನೊಂದು ಕಡೆಗೆ ವಾಲಿತ್ತು. 1980ರ ದಶಕದಲ್ಲಿ ಅಲ್ಲಿನ ರಾಜ್ಯಗಳು ಶಿಕ್ಷಕರನ್ನು ಅಳೆಯುತ್ತಿದ್ದುದು ಪಾಠಯೋಜನೆ, ತರಗತಿಯ ಶಿಸ್ತು, ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂಬಂಥ ಸಂಗತಿಗಳಿಂದ. ಶಿಕ್ಷಕಿ ಕಲಿಸುತ್ತಿದ್ದದ್ದು ಭಿನ್ನರಾಶಿಯೋ ಪದ್ಯವೋ ಎಂಬುದು ಆ ಅಳತೆಯಲ್ಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಈ ಎರಡು ಕಾಲದ ಪರೀಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ಶುಲ್ಮನ್. ಅಮೆರಿಕದ ಶೈಕ್ಷಣಿಕ ಸಂಶೋಧನಾ ಸಂಘದ ಅಧ್ಯಕ್ಷರಾಗಿ ಅವರು 1985ರಲ್ಲಿ ಮಾಡಿದ ಭಾಷಣ ಮರುವರ್ಷ ಪ್ರಕಟವಾಯಿತು. ಬೋಧನೆಯ ಮೇಲಿನ ಸಂಶೋಧನೆಯಿಂದ ವಿಷಯವೇ ಕಾಣೆಯಾಗಿದೆ ಎಂಬುದು ಅವರ ತಕರಾರು. ಹಾಗೆಂದು ಅವರು 1875ಕ್ಕೆ ಮರಳಿರೆಂದು ಹೇಳಲಿಲ್ಲ. ವಿಷಯ ಜ್ಞಾನ ಒಂದು ಬದಿ, ಕಲಿಸುವ ವಿಧಾನ ಇನ್ನೊಂದು ಬದಿ ಎಂಬ ವಿಂಗಡಣೆಯಲ್ಲೇ ದೋಷವಿದೆ ಎಂದರು. ಇವೆರಡರ ನಡುವೆ ಶಿಕ್ಷಕರಿಗಷ್ಟೇ ಬೇಕಾದ ಮೂರನೆಯ ಬಗೆಯ ತಿಳಿವಳಿಕೆಯೊಂದಿದೆ. ಅದನ್ನು ಬೋಧನಾತ್ಮಕ ವಿಷಯ ಜ್ಞಾನ ಎಂದು ಕರೆದರು. ಒಂದು ವಿಷಯವನ್ನು ಯಾವ ಉದಾಹರಣೆ, ಚಿತ್ರ, ಕಥೆಗಳ ಮೂಲಕ ತೋರಿಸಬಹುದು ಎಂಬುದು ಅದರ ಒಂದು ಮುಖ. ಆ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ತಪ್ಪು ಕಲ್ಪನೆಯನ್ನು ಮೊದಲೇ ಹೊತ್ತು ತಂದಿರುತ್ತಾರೆ ಎಂಬುದು ಇನ್ನೊಂದು ಮುಖ. ಈ ಯೋಚನೆಯ ಬೇರು ಹಳೆಯದು. ವಿಜ್ಞಾನಿಗೆ ವಿಷಯ ಕಾಣುವ ಬಗೆಯೇ ಬೇರೆ, ಶಿಕ್ಷಕನಿಗೆ ಕಾಣಬೇಕಾದ ಬಗೆಯೇ ಬೇರೆ ಎಂದು ಜಾನ್ ಡ್ಯೂಯಿ 1902ರಲ್ಲೇ ಬರೆದಿದ್ದರು. ಶುಲ್ಮನ್ ಅದಕ್ಕೊಂದು ಹೆಸರಿಟ್ಟು ಸಂಶೋಧನೆಗೆ ಒಡ್ಡಿದರು.

ಹೆಸರಿಟ್ಟ ಮಾತ್ರಕ್ಕೆ ವಸ್ತು ಕೈಗೆ ಸಿಗುವುದಿಲ್ಲ. ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದ ಒಂದು ಲೆಕ್ಕವಿದೆ: `1¾ ÷ ½`. ಅಮೆರಿಕದ ಮಿಶಿಗನ್‌ನಲ್ಲಿ ಡೆಬೊರಾ ಬಾಲ್ ಮತ್ತು ಸಂಗಡಿಗರು ಶಿಕ್ಷಕರನ್ನೂ ಶಿಕ್ಷಕರಾಗಲು ಓದುತ್ತಿದ್ದವರನ್ನೂ ಸಂದರ್ಶಿಸುವಾಗ ಇದನ್ನು ಮುಂದಿಟ್ಟು ಎರಡು ಕೆಲಸ ಹೇಳುತ್ತಿದ್ದರು. ಮೊದಲು ಲೆಕ್ಕ ಮಾಡಿ. ಆಮೇಲೆ ಈ ಲೆಕ್ಕಕ್ಕೆ ಹೊಂದುವ ಒಂದು ಸನ್ನಿವೇಶವನ್ನೋ ಕಥೆಯನ್ನೋ ಕಟ್ಟಿ. ಮೊದಲನೆಯದಕ್ಕೆ ಸೂತ್ರ ಸಾಕು. ಭಾಜಕವನ್ನು ತಲೆಕೆಳಗು ಮಾಡಿ ಗುಣಿಸಿದರೆ `7/4 × 2/1 = 14/4`, ಅಂದರೆ ಮೂರೂವರೆ. ಎರಡನೆಯದರಲ್ಲಿ ಗಣಿತದಲ್ಲೇ ಪದವಿ ಮಾಡುತ್ತಿದ್ದವರೂ ತಡವರಿಸಿದರು. ಒಂದೂಮುಕ್ಕಾಲು ಭಾಗ ತಿಂಡಿಯನ್ನು ಇಬ್ಬರಿಗೆ ಸಮನಾಗಿ ಹಂಚುವ ಕಥೆ ಮತ್ತೆ ಮತ್ತೆ ಬಂತು. ಅದು ಎರಡರಿಂದ ಭಾಗಿಸುವ ಲೆಕ್ಕ. ಉತ್ತರ `7/8` ಆಗುತ್ತದೆಯೇ ಹೊರತು ಮೂರೂವರೆಯಲ್ಲ.

ಸರಿಯಾದ ಕಥೆ ಹೀಗಿರಬಹುದು. ಒಂದೂಮುಕ್ಕಾಲು ಲೀಟರ್ ಎಣ್ಣೆ ಇದೆ, ಅರ್ಧ ಲೀಟರ್ ಹಿಡಿಯುವ ಬಾಟಲಿಗಳಿವೆ. ಎಷ್ಟು ಬಾಟಲಿ ತುಂಬಬಹುದು? ಮೂರು ಬಾಟಲಿ ತುಂಬಿ ಕಾಲು ಲೀಟರ್ ಉಳಿಯುತ್ತದೆ. ತೊಡಕು ಶುರುವಾಗುವುದು ಇಲ್ಲೇ. ಚುರುಕಾದ ಮಗು ಥಟ್ಟನೆ ಉತ್ತರ ಮೂರೂಕಾಲು ಎನ್ನುತ್ತದೆ. ಉಳಿದದ್ದು ಕಾಲು ಲೀಟರೇ ತಾನೇ ಎಂಬುದು ಅದರ ತರ್ಕ, ಆ ತರ್ಕದಲ್ಲಿ ಸುಳ್ಳೇನೂ ಇಲ್ಲ. ಆದರೆ ಎಣಿಸುತ್ತಿರುವುದು ಬಾಟಲಿಗಳನ್ನು. ಕಾಲು ಲೀಟರ್ ಎಂದರೆ ಅರ್ಧ ಬಾಟಲಿ. ಅಳತೆಯ ಘಟಕ ಲೀಟರಿನಿಂದ ಬಾಟಲಿಗೆ ಸರಿದದ್ದು ಮಗುವಿನ ಗಮನಕ್ಕೆ ಬಂದಿಲ್ಲ. ವಿಷಯವನ್ನಷ್ಟೇ ಬಲ್ಲವರು ಇದನ್ನು ತಪ್ಪು ಉತ್ತರವೆಂದು ಗುರುತಿಸುತ್ತಾರೆ. ಕಲಿಸಬಲ್ಲವರಿಗೆ ಈ ಉತ್ತರ ಬರುತ್ತದೆಂದು ಮೊದಲೇ ಗೊತ್ತಿರುತ್ತದೆ. ಎಣ್ಣೆಯನ್ನು ಉದ್ದನೆಯ ಪಟ್ಟಿಯಾಗಿ ಬರೆದು, ಅರ್ಧರ್ಧ ಲೀಟರಿಗೆ ಗೆರೆ ಹಾಕಿ, ಕೊನೆಯ ತುಂಡನ್ನು ತೋರಿಸಿ ಅವರು ಕೇಳುವ ಪ್ರಶ್ನೆ 'ಇದು ಎಷ್ಟು ಲೀಟರ್' ಎಂದಲ್ಲ, 'ಇದು ಎಷ್ಟು ಬಾಟಲಿ' ಎಂದು. ತಲೆಕೆಳಗು ಮಾಡುವ ಸೂತ್ರದ ಗುಟ್ಟೂ ಅದೇ ಪಟ್ಟಿಯಲ್ಲಿದೆ: ಪ್ರತಿ ಲೀಟರಿಗೆ ಎರಡು ಬಾಟಲಿ, ಆದ್ದರಿಂದ ಲೀಟರುಗಳನ್ನು ಎರಡರಿಂದ ಗುಣಿಸಬೇಕು.

ಇದೇ ಪ್ರಶ್ನೆಯನ್ನು ಚೀನಾಕ್ಕೆ ಒಯ್ದವರು ಲಿಪಿಂಗ್ ಮಾ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಳ್ಳಿಗೆ ಕಳಿಸಲ್ಪಟ್ಟು ಅಲ್ಲಿನ ಶಾಲೆಯಲ್ಲಿ ಪಾಠ ಹೇಳಿದ್ದ ಅವರು ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. 1999ರಲ್ಲಿ ಬಂದ ಅವರ ಪುಸ್ತಕದಲ್ಲಿ 23 ಅಮೆರಿಕನ್ ಮತ್ತು 72 ಚೀನೀ ಶಿಕ್ಷಕರ ಹೋಲಿಕೆಯಿದೆ. ಅಮೆರಿಕನ್ನರಲ್ಲಿ ಲೆಕ್ಕ ಮಾಡಲು ಹೊರಟ 21 ಮಂದಿಯ ಪೈಕಿ ಸರಿಯಾಗಿ ಮುಗಿಸಿದವರು 9, ಚೀನೀಯರಲ್ಲಿ ಎಲ್ಲರೂ. ತಕ್ಕ ಕಥೆ ಕಟ್ಟಿದ ಅಮೆರಿಕನ್ ಒಬ್ಬರೇ, ಆ ಕಥೆಯಲ್ಲೂ ಮೂರೂವರೆ ಮಕ್ಕಳು ಬರುವಂತಾಗಿತ್ತು. ಚೀನೀಯರಲ್ಲಿ ಶೇ. 90ರಷ್ಟು ಜನ ಕಥೆ ಕಟ್ಟಿದರು, ಒಂದಕ್ಕಿಂತ ಹೆಚ್ಚು ಬಗೆಯವನ್ನೂ ಕಟ್ಟಿದರು. ಅರ್ಧ ಗಂಟೆಯಲ್ಲಿ ಒಂದೂಮುಕ್ಕಾಲು ಕಿಲೋಮೀಟರ್ ನಡೆದರೆ ಒಂದು ಗಂಟೆಗೆ ಎಷ್ಟು ಎಂಬುದೂ ಇದೇ ಭಾಗಾಕಾರ ಎಂಬುದು ಹೊಳೆಯಬೇಕಾದರೆ ಭಾಗಾಕಾರಕ್ಕಿರುವ ಎರಡು ಅರ್ಥಗಳೂ ತಿಳಿದಿರಬೇಕು. ಕುತೂಹಲದ ಸಂಗತಿಯೆಂದರೆ ಅಮೆರಿಕನ್ ಶಿಕ್ಷಕರೆಲ್ಲ ಪದವೀಧರರು. ಚೀನೀಯರದು ಒಂಬತ್ತನೇ ತರಗತಿ, ಅದರ ಮೇಲೆ ಎರಡು ಮೂರು ವರ್ಷದ ಶಿಕ್ಷಕ ತರಬೇತಿ. ಅವರಿಗೆ ಉನ್ನತ ಗಣಿತ ಗೊತ್ತಿರಲಿಲ್ಲ, ಕೆಳ ತರಗತಿಯ ಗಣಿತ ಆಳವಾಗಿ ಗೊತ್ತಿತ್ತು.

ನನ್ನ ಓದಿನಲ್ಲಿ, ಮಾ ಅವರ ಪುಸ್ತಕ ಶುಲ್ಮನ್‌ರ ವಾದಕ್ಕೆ ಬಲ ಕೊಟ್ಟಂತೆಯೇ ಅದನ್ನು ಅಲುಗಾಡಿಸಿತು ಕೂಡ. ಕಥೆ ಕಟ್ಟಲಾಗದ್ದು ಬೋಧನೆಯ ಕೊರತೆಯೋ, ಗಣಿತದ್ದೇ ಕೊರತೆಯೋ? 2008ರಲ್ಲಿ ಬಾಲ್, ಥೇಮ್ಸ್ ಮತ್ತು ಫೆಲ್ಪ್ಸ್ ಇದಕ್ಕೆ ಉತ್ತರವಾಗಿ ಇನ್ನೊಂದು ಗೆರೆ ಎಳೆದರು. ವಿದ್ಯಾರ್ಥಿ ಹಿಡಿದ ವಿಚಿತ್ರ ದಾರಿ ಎಲ್ಲ ಸಂಖ್ಯೆಗಳಿಗೂ ಸಲ್ಲುತ್ತದೆಯೇ ಎಂದು ಪರೀಕ್ಷಿಸುವುದು ಶುದ್ಧ ಗಣಿತ, ಆದರೆ ಎಂಜಿನಿಯರಿಗೋ ಲೆಕ್ಕಿಗನಿಗೋ ಬೇಕಿಲ್ಲದ ಗಣಿತ; ಅದು ಶಿಕ್ಷಕವೃತ್ತಿಯದೇ ವಿಷಯ ಜ್ಞಾನ. ಮೂರೂಕಾಲು ಎಂಬ ಉತ್ತರ ಬರುತ್ತದೆಂದು ಮೊದಲೇ ಊಹಿಸುವುದು ಮಾತ್ರ ಮಕ್ಕಳ ಪರಿಚಯದಿಂದ ಬರುವಂಥದ್ದು. ಗೆರೆ ಎಲ್ಲ ಕಡೆಯೂ ಇಷ್ಟು ಸ್ಪಷ್ಟವಾಗಿ ನಿಲ್ಲುವುದಿಲ್ಲ.

ನಮ್ಮಲ್ಲಿ ಈ ಹೆಸರು ಬರುವ ಮೊದಲೇ ವಿಷಯ ಮತ್ತು ಬೋಧನೆಯನ್ನು ಒಂದೇ ಸೂರಿನಡಿ ತರುವ ಪ್ರಯತ್ನ ನಡೆದಿತ್ತು. 1963ರಲ್ಲಿ ಮೈಸೂರಿನಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ವಿಜ್ಞಾನ ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ಬೆಸೆದ ನಾಲ್ಕು ವರ್ಷದ ಕೋರ್ಸು ನಡೆಸಿತು. ಈಚಿನ ಕೇಂದ್ರ ಶಿಕ್ಷಕ ಅರ್ಹತಾ ಪರೀಕ್ಷೆಯ ಪ್ರಾಥಮಿಕ ಹಂತದ ಪತ್ರಿಕೆಯಲ್ಲಿ ಗಣಿತದ 30 ಅಂಕಗಳಲ್ಲಿ 15 ವಿಷಯಕ್ಕೆ, 15 ಅದರ ಬೋಧನೆಗೆ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಆ ಪರೀಕ್ಷೆ, ಮಗುವಿನ ತಪ್ಪಿಗೆ ಕಾರಣ ಗುರುತಿಸಬಲ್ಲವರನ್ನು ಹಿಡಿಯಬಹುದು. ಕಥೆ ಕಟ್ಟಬಲ್ಲವರನ್ನು ಹಿಡಿಯಲಾರದು.

ಅಳತೆಯ ದೃಷ್ಟಿಯಿಂದ ಹೆಚ್ಚು ಗಟ್ಟಿಯಾದ ಕೆಲಸ ಜರ್ಮನಿಯ ಕೊಆಕ್ಟಿವ್ ಅಧ್ಯಯನದ್ದು. ಪ್ರೌಢಶಾಲಾ ಗಣಿತ ಶಿಕ್ಷಕರ ಎರಡೂ ಜ್ಞಾನಗಳನ್ನು ಬೇರೆ ಬೇರೆ ಪರೀಕ್ಷೆಗಳಿಂದ ಅಳೆದು, ಅವರ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಎಷ್ಟು ಮುಂದುವರಿದರೆಂದು ನೋಡಲಾಯಿತು. 2010ರಲ್ಲಿ ಬೌಮರ್ಟ್ ಮತ್ತು ಸಹಲೇಖಕರು ಪ್ರಕಟಿಸಿದಂತೆ, ವಿದ್ಯಾರ್ಥಿಗಳ ಪ್ರಗತಿಯ ಮೇಲೆ ಹೆಚ್ಚು ಪರಿಣಾಮ ಕಂಡದ್ದು ಬೋಧನಾತ್ಮಕ ವಿಷಯ ಜ್ಞಾನದ್ದು. ಹಾಗೆಂದು ವಿಷಯ ಜ್ಞಾನ ಗೌಣವಾಗಲಿಲ್ಲ. ಅದು ಕಡಿಮೆಯಿದ್ದ ಕಡೆ ಇನ್ನೊಂದೂ ಬೆಳೆದಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ದಾರಿಯಾಗುವ ಗಿಮ್ನೇಸಿಯಂ ಶಾಲೆಗಳ ಶಿಕ್ಷಕರಲ್ಲಂತೂ ಎರಡನ್ನೂ ಬೇರ್ಪಡಿಸುವುದೇ ಕಷ್ಟವಾಯಿತು. ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸೇವೆಯ ವರ್ಷಗಳು ಹೆಚ್ಚಿದಂತೆ ಈ ಜ್ಞಾನ ಹೆಚ್ಚಿದ್ದು ಕಾಣಲಿಲ್ಲ. ವ್ಯತ್ಯಾಸ ಎದ್ದು ಕಂಡದ್ದು ಅವರು ಪಡೆದ ತರಬೇತಿಯ ಬಗೆಯಲ್ಲಿ. ವರ್ಷ ವರ್ಷವೂ ಮೂರೂಕಾಲು ಎಂಬ ಉತ್ತರಕ್ಕೆ ಕೆಂಪು ಗೆರೆ ಎಳೆಯುತ್ತ ಬಂದವರಿಗೆ ಅದು ಯಾಕೆ ಬರುತ್ತದೆಂದು ತಾನಾಗಿ ತಿಳಿದುಬಿಡುತ್ತದೆ ಎನ್ನಲು ಆ ಅಂಕಿಅಂಶಗಳಲ್ಲಿ ಆಧಾರವಿಲ್ಲ.