ಆಲೆಮನೆ ಬೆಲ್ಲದ ವಿವರಣೆ: ಅಗ್ಗದ ಬೆಲ್ಲದೊಡನೆ ಹೋಲಿಕೆ ಮಾಡುವ ಕ್ರಮ

ಹೈಡ್ರೋಸ್ ಬಳಸದೆ ತಯಾರಿಸಿದ ಕಂದು ಬಣ್ಣದ ಬೆಲ್ಲವನ್ನು ನೇರವಾಗಿ ಮಾರುವ ರೈತರು ಸಾಮಾನ್ಯವಾಗಿ ಎದುರಿಸುವ ಪ್ರಶ್ನೆಯೊಂದಿದೆ: ಹಳದಿ ಬಣ್ಣದ, ಹೊಳಪುಳ್ಳ ಬೆಲ್ಲ ಕಡಿಮೆ ಬೆಲೆಗೆ ದೊರೆಯುವಾಗ ಇದಕ್ಕೆ ಹೆಚ್ಚು ಬೆಲೆ ಏಕೆ? ಪೊಟ್ಟಣದ ಮೇಲಿನ ಅಥವಾ ಕರಪತ್ರದಲ್ಲಿನ ವಿವರಣೆಯು ಈ ಪ್ರಶ್ನೆಗೆ ಉತ್ತರ ನೀಡಬೇಕು. ಆದರೆ ಇತರ ಉತ್ಪಾದಕರನ್ನು ಹೆಸರಿಸಬಾರದು, ಹೀಗಳೆಯಬಾರದು.

ಬಣ್ಣವನ್ನೇ ಆಧಾರವಾಗಿಸಬಾರದು

‘ಹಳದಿ ಬೆಲ್ಲವೆಲ್ಲ ವಿಷ’ ಎಂಬಂತಹ ಬರಹ ಹಲವೆಡೆ ಕಾಣುತ್ತದೆ. ಇದು ತಾಂತ್ರಿಕವಾಗಿ ತಪ್ಪು. ಹೈಡ್ರೋಸ್ ಎಂದು ಕರೆಯಲಾಗುವ ಸೋಡಿಯಂ ಹೈಡ್ರೋಸಲ್ಫೈಟ್ ಬೆಲ್ಲದ ಬಣ್ಣವನ್ನು ತಿಳಿಗೊಳಿಸುತ್ತದೆ ಎಂಬುದು ನಿಜ. ಆದರೆ ಸೂಕ್ತ ತಳಿಯ, ಚೆನ್ನಾಗಿ ಮಾಗಿದ ಕಬ್ಬನ್ನು ಕಡಿದ ಕೂಡಲೇ ಅರೆದು, ಹಾಲಿನ ಮಡ್ಡಿಯನ್ನು ಸರಿಯಾಗಿ ತೆಗೆದರೆ ಹೈಡ್ರೋಸ್ ಇಲ್ಲದೆಯೂ ತಿಳಿ ಬಣ್ಣದ ಬೆಲ್ಲ ಬರುತ್ತದೆ. ಇನ್ನೊಂದೆಡೆ, ಕಡಿದು ಹಲವು ದಿನ ಇಟ್ಟ ಕಬ್ಬು, ಅರೆಬರೆ ತೆಗೆದ ಮಡ್ಡಿ, ತುಕ್ಕು ಹಿಡಿದ ಕೊಪ್ಪರಿಗೆ ಅಥವಾ ಮಿತಿಮೀರಿ ಕಾದ ಪಾಕದಿಂದಲೂ ಬೆಲ್ಲ ಕಪ್ಪಾಗುತ್ತದೆ. ಆದ್ದರಿಂದ ಕಂದು ಬಣ್ಣವು ಗುಣಮಟ್ಟದ ಸಾಕ್ಷಿಯಲ್ಲ, ಹಳದಿ ಬಣ್ಣವು ಕಲಬೆರಕೆಯ ಸಾಕ್ಷಿಯೂ ಅಲ್ಲ. ಬಣ್ಣವನ್ನು ಹಿಡಿದು ದೂಷಿಸಿದರೆ ಪ್ರಾಮಾಣಿಕವಾಗಿ ತಿಳಿ ಬೆಲ್ಲ ತಯಾರಿಸುವ ನೆರೆಯ ರೈತನಿಗೂ ಅನ್ಯಾಯವಾಗುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಪ್ರತಿಪಾದನೆಗಳ ನಿಯಮಾವಳಿಯು, ತನ್ನ ಸರಕಿನ ಮಾರಾಟಕ್ಕಾಗಿ ಇತರ ತಯಾರಕರ ಉತ್ಪನ್ನವನ್ನು ಕೀಳಾಗಿ ತೋರಿಸುವುದನ್ನು ನಿಷೇಧಿಸುತ್ತದೆ.

ಹೋಲಿಕೆಗೆ ಆಧಾರವಾಗಬಲ್ಲ ಅಂಶಗಳು

ತನ್ನ ಆಲೆಮನೆಯಲ್ಲಿ ನಡೆಯುವ, ಕೇಳಿದವರಿಗೆ ತೋರಿಸಬಹುದಾದ ಸಂಗತಿಗಳನ್ನು ಮಾತ್ರ ಬರೆಯಬೇಕು. ಮೊದಲನೆಯದು ಶುದ್ಧೀಕರಣದ ವಿಧಾನ: ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ ಬಳಸಿದ್ದರೆ ಹಾಗೆಯೇ ಹೇಳಬೇಕು. ಸುಣ್ಣವನ್ನೂ ಬಳಸಿದ್ದರೆ ‘ರಾಸಾಯನಿಕ ಮುಕ್ತ’ ಎಂದು ಬರೆಯುವುದು ಸರಿಯಲ್ಲ, ಏಕೆಂದರೆ ಸುಣ್ಣವೂ ರಾಸಾಯನಿಕವೇ. ‘ಹೈಡ್ರೋಸ್ ಬಳಸಿಲ್ಲ’ ಎಂಬ ನಿರ್ದಿಷ್ಟ ಮಾತೇ ಸೂಕ್ತ. ‘ಸಾವಯವ’ ಎಂಬುದು ಬೇರೆ ವಿಷಯ. ಅದು ಕಬ್ಬು ಬೆಳೆದ ಕ್ರಮಕ್ಕೆ ಸಂಬಂಧಿಸಿದ್ದು, ಅದಕ್ಕೆ ಪ್ರತ್ಯೇಕ ನಿಯಮಗಳಿವೆ.

ಎರಡನೆಯದು ಕಚ್ಚಾವಸ್ತು. ಕೆಲವೆಡೆ ಇಳುವರಿ ಹೆಚ್ಚಿಸಲು ಪಾಕಕ್ಕೆ ಸಕ್ಕರೆ ಬೆರೆಸುವ ರೂಢಿಯಿದೆ. ಕಬ್ಬಿನ ಹಾಲಿನಿಂದ ಮಾತ್ರ ತಯಾರಿಸಿದಾಗ 100 ಕಿ.ಗ್ರಾಂ ಕಬ್ಬಿಗೆ ಸುಮಾರು 10 ಕಿ.ಗ್ರಾಂ ಬೆಲ್ಲ ದೊರೆಯುತ್ತದೆ. ಈ ಲೆಕ್ಕವೇ ಬೆಲೆಯ ವ್ಯತ್ಯಾಸಕ್ಕೆ ಸಮರ್ಪಕ ವಿವರಣೆ.

ಮೂರನೆಯದು ಪರೀಕ್ಷಾ ವರದಿ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಪ್ರತಿ ಕಿ.ಗ್ರಾಂಗೆ 70 ಮಿ.ಗ್ರಾಂ ಮೀರಬಾರದೆಂಬ ನಿಯಮವಿದೆ. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯಿದ್ದರೆ ದಿನಾಂಕ ಮತ್ತು ತಂಡದ ಸಂಖ್ಯೆಯೊಡನೆ ಉಲ್ಲೇಖಿಸಬಹುದು. ವರದಿಯು ಪರೀಕ್ಷಿಸಿದ ಮಾದರಿಗೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಪ್ರತಿ ಅಡುಗೆಯ ದಿನಾಂಕ, ಕಬ್ಬಿನ ತೂಕ, ಬಳಸಿದ ಸಾಮಗ್ರಿ ಮತ್ತು ದೊರೆತ ಬೆಲ್ಲದ ತೂಕವನ್ನು ಪುಸ್ತಕದಲ್ಲಿ ದಾಖಲಿಸಬೇಕು.

ಮಾದರಿ ವಿವರಣೆ

ತಪ್ಪು ಕ್ರಮ: ‘ಪೇಟೆಯ ವಿಷಯುಕ್ತ ಹಳದಿ ಬೆಲ್ಲಕ್ಕೆ ಮೋಸಹೋಗದಿರಿ. ನಮ್ಮದೇ ಅಸಲಿ, ಶೇ. 100 ಶುದ್ಧ ಬೆಲ್ಲ.’

ಸರಿಯಾದ ಕ್ರಮ: ‘ಬೆಲ್ಲದ ಬಣ್ಣವು ಕಬ್ಬಿನ ತಳಿ, ಮಣ್ಣು ಮತ್ತು ತಯಾರಿಕೆಯ ವಿಧಾನಕ್ಕೆ ಅನುಗುಣವಾಗಿ ಬದಲಾಗುತ್ತದೆ. ಈ ಬೆಲ್ಲವನ್ನು ಕಬ್ಬಿನ ಹಾಲಿನಿಂದ ಮಾತ್ರ ತಯಾರಿಸಲಾಗಿದೆ, ಸಕ್ಕರೆ ಬೆರೆಸಿಲ್ಲ. ಮಡ್ಡಿ ತೆಗೆಯಲು ಬೆಂಡೆಯ ಲೋಳೆ ಮತ್ತು ಸ್ವಲ್ಪ ಸುಣ್ಣ ಬಳಸಲಾಗಿದೆ, ಹೈಡ್ರೋಸ್ ಬಳಸಿಲ್ಲ. ಹತ್ತು ಕಿಲೋ ಕಬ್ಬಿಗೆ ಸುಮಾರು ಒಂದು ಕಿಲೋ ಬೆಲ್ಲ ದೊರೆಯುವುದರಿಂದ ಬೆಲೆ ತುಸು ಹೆಚ್ಚು. ಮಳೆಗಾಲದಲ್ಲಿ ತೇವ ಹೀರಿ ಮೆತ್ತಗಾಗಬಹುದು, ಬಣ್ಣ ಗಾಢವಾಗಬಹುದು. ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಬೇರೆ ಬೆಲ್ಲ ಕೊಳ್ಳುವಾಗಲೂ ಬಳಸಿದ ಸಾಮಗ್ರಿಗಳ ವಿವರ ಕೇಳಿ.’

ಎರಡನೆಯ ವಿವರಣೆಯಲ್ಲಿ ಬೇರೆ ಬೆಲ್ಲದ ಬಗ್ಗೆ ಒಂದು ಆರೋಪವೂ ಇಲ್ಲ. ಆದರೂ ಗ್ರಾಹಕನು ಯಾವ ಅಂಗಡಿಯಲ್ಲಾದರೂ ಕೇಳಬಹುದಾದ ಪ್ರಶ್ನೆಗಳು ಅದರಲ್ಲಿವೆ. ತನ್ನ ಉತ್ಪನ್ನದ ಮಿತಿಯನ್ನು ತಾನೇ ಹೇಳಿರುವುದರಿಂದ, ಮಳೆಗಾಲದಲ್ಲಿ ಬೆಲ್ಲ ಮೆತ್ತಗಾದಾಗ ಅದು ಕೆಟ್ಟಿದೆಯೆಂದು ಗ್ರಾಹಕನು ಹಿಂದಿರುಗಿಸುವ ಸಂಭವವೂ ಕಡಿಮೆ.

ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದುದು

ರೈತರು ಬರೆದ ವಿವರಣೆಯನ್ನು ಮುದ್ರಣಕ್ಕೆ ಮುನ್ನ ವಾಕ್ಯವಾರು ಪರಿಶೀಲಿಸಿ, ‘ಇದಕ್ಕೆ ದಾಖಲೆ ಎಲ್ಲಿದೆ?’ ಎಂದು ಕೇಳಬೇಕು. ದಾಖಲೆಯಿಲ್ಲದ ವಾಕ್ಯವನ್ನು ಕೈಬಿಡಬೇಕು. ತಯಾರಿಕೆಯ ವಿಧಾನ ಬದಲಾದರೆ, ಉದಾಹರಣೆಗೆ ಬೆಂಡೆ ಗಿಡ ಸಿಗದ ತಿಂಗಳುಗಳಲ್ಲಿ ಸುಣ್ಣವನ್ನಷ್ಟೇ ಬಳಸಿದರೆ, ವಿವರಣೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಲು ಸೂಚಿಸಬೇಕು.