ಟಿಎಸ್‌ಐ ಅಗಾರ್ ಮತ್ತು ಇಮ್ವಿಕ್ ಪರೀಕ್ಷೆಗಳು

ಮನುಷ್ಯನ ಕರುಳಿನಲ್ಲಿ ವಾಸಿಸುವ, ಇಲ್ಲವೇ ಕರುಳಿನ ಮಾರ್ಗವಾಗಿ ದೇಹವನ್ನು ಪ್ರವೇಶಿಸಿ ವ್ಯಾಧಿಯನ್ನುಂಟುಮಾಡುವ ದಂಡಾಣುಗಳನ್ನು ಗ್ರಾಂ ವಿಧಾನದಿಂದ ಬಣ್ಣಗೊಳಿಸಿ ಸೂಕ್ಷ್ಮದರ್ಶಕದಡಿ ನೋಡಿದರೆ ಅವುಗಳಲ್ಲಿ ಬಹುಪಾಲು ಕೆಂಪಾದ ಗಿಡ್ಡ ಕಡ್ಡಿಗಳಾಗಿಯೇ ಕಾಣುತ್ತವೆಯಾದ್ದರಿಂದ, ಸಾಮಾನ್ಯವಾಗಿ ನಿರುಪದ್ರವಿಯಾದ ಎಶ್ಚೆರಿಚಿಯ ಕೋಲೈ ಯಾವುದು, ವಿಷಮಶೀತ ಜ್ವರವನ್ನು ತರುವ ಸಾಲ್ಮೊನೆಲ್ಲ ಯಾವುದು ಎಂಬುದನ್ನು ಆಕಾರದಿಂದ ನಿರ್ಣಯಿಸುವುದು ಅಸಾಧ್ಯ. ಅವು ಯಾವ ಶರ್ಕರವನ್ನು ಹುದುಗಿಸುತ್ತವೆ, ಹುದುಗಿಸಿದ ಬಳಿಕ ಏನನ್ನು ಉಳಿಸುತ್ತವೆ ಎಂಬುದನ್ನು ವರ್ಣಸೂಚಕಗಳ ನೆರವಿನಿಂದ ಕಣ್ಣಿಗೆ ಕಾಣುವಂತೆ ಮಾಡುವ ಉಪಾಯಗಳಲ್ಲಿ ಎರಡು ಅತ್ಯಂತ ದೀರ್ಘಕಾಲ ಬಳಕೆಯಲ್ಲಿ ಉಳಿದಿವೆ. ಮೊದಲನೆಯದು ಮೂರು ಶರ್ಕರಗಳೂ ಕಬ್ಬಿಣದ ಲವಣವೂ ಕೂಡಿದ ಟಿಎಸ್‌ಐ ಅಗಾರ್. ಎರಡನೆಯದು ಇಂಡೋಲ್, ಮಿಥೈಲ್ ರೆಡ್, ವೋಗೆಸ್–ಪ್ರಾಸ್ಕೌರ್, ಸಿಟ್ರೇಟ್ ಎಂಬ ನಾಲ್ಕು ಪರೀಕ್ಷೆಗಳ ಸಮೂಹವಾದ ಇಮ್ವಿಕ್. ಇವೆರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಿ ಹುಟ್ಟಿದವು. ಒಂದರ ಮೂಲ ಸೇನೆಯ ಜ್ವರಪೀಡಿತರ ಮಲಮೂತ್ರಗಳ ಪರೀಕ್ಷೆ, ಇನ್ನೊಂದರ ಮೂಲ ಕುಡಿಯುವ ನೀರಿನ ಶುದ್ಧಾಶುದ್ಧತೆಯ ವಿಚಾರ.

ಅಮೆರಿಕದ ಸೇನಾ ವೈದ್ಯನಾದ ಫ್ರೆಡರಿಕ್ ರಸೆಲ್ ಎಂಬಾತನು ಸೈನಿಕರಿಗೆ ವಿಷಮಶೀತ ಜ್ವರದ ಲಸಿಕೆಯನ್ನು ಹಾಕಿಸುವ ಕಾರ್ಯದಲ್ಲಿ ತೊಡಗಿದ್ದ ಕಾಲದಲ್ಲಿ, ರೋಗವಾಹಕರನ್ನು ಬೇಗ ಪತ್ತೆಹಚ್ಚುವ ಸಲುವಾಗಿ 1911ರಲ್ಲಿ ಎರಡು ಶರ್ಕರಗಳ ಒಂದು ಮಾಧ್ಯಮವನ್ನು ಪ್ರಕಟಿಸಿದನು. ಅದರಲ್ಲಿ ಲ್ಯಾಕ್ಟೋಸ್ ನೂರಕ್ಕೆ ಒಂದು ಪಾಲು, ಗ್ಲೂಕೋಸ್ ಅದರ ಹತ್ತನೆಯ ಒಂದು ಪಾಲು ಮಾತ್ರ, ಸೂಚಕವಾಗಿ ಲಿಟ್ಮಸ್. ಈ ಹತ್ತಕ್ಕೊಂದರ ಪ್ರಮಾಣದಲ್ಲಿಯೇ ಇಡೀ ಯುಕ್ತಿಯು ಅಡಗಿದೆ, ಮತ್ತು ಮುಂದೆ ಬಂದ ಎಲ್ಲ ಪರಿಷ್ಕಾರಗಳೂ ಅದನ್ನು ಹಾಗೆಯೇ ಉಳಿಸಿಕೊಂಡವು. ಪ್ರನಾಳವನ್ನು ಓರೆಯಾಗಿಟ್ಟು ಅಗಾರನ್ನು ಹೆಪ್ಪುಗಟ್ಟಿಸಿದಾಗ ಮೇಲ್ಭಾಗದಲ್ಲಿ ಗಾಳಿಗೆ ತೆರೆದ ಇಳಿಜಾರೂ ತಳದಲ್ಲಿ ಗಾಳಿ ತಲುಪದ ದಪ್ಪ ಭಾಗವೂ ಉಂಟಾಗುತ್ತವೆ. ಪ್ರಯೋಗಾಲಯದವರು ಇವನ್ನು ಸ್ಲಾಂಟ್ ಮತ್ತು ಬಟ್ ಎಂದೇ ಕರೆಯುವರು. ನೇರವಾದ ತಂತಿಯ ತುದಿಯಿಂದ ಒಂದೇ ವಸಾಹತನ್ನು ಮುಟ್ಟಿ, ಬಟ್‌ನ ನಡುವೆ ತಳದವರೆಗೆ ಚುಚ್ಚಿ, ಹಿಂದೆಗೆದು ಅದೇ ತಂತಿಯಿಂದ ಸ್ಲಾಂಟ್‌ನ ಮೇಲೆ ಗೀಚಲಾಗುವುದು. ಗ್ಲೂಕೋಸನ್ನು ಕರುಳಿನ ದಂಡಾಣುಗಳೆಲ್ಲವೂ ಹುದುಗಿಸುವುದರಿಂದ ಮೊದಲ ಕೆಲವು ಗಂಟೆಗಳಲ್ಲಿ ಇಡೀ ಪ್ರನಾಳವು ಆಮ್ಲೀಯವಾಗುತ್ತದೆ. ಆದರೆ ಆ ಅಲ್ಪ ಗ್ಲೂಕೋಸ್ ತೀರಿದ ಮೇಲೆ ಲ್ಯಾಕ್ಟೋಸನ್ನು ಮುಟ್ಟಲಾರದ ದಂಡಾಣುವು ಪೆಪ್ಟೋನಿನ ಕಡೆಗೆ ತಿರುಗಬೇಕಾಗುತ್ತದೆ. ಗಾಳಿಯಿರುವ ಸ್ಲಾಂಟ್‌ನಲ್ಲಿ ಪೆಪ್ಟೋನು ವಿಘಟನೆಗೊಂಡು ಹುಟ್ಟುವ ಅಮೋನಿಯವು ಆಮ್ಲವನ್ನು ತಟಸ್ಥಗೊಳಿಸಿ ಮೇಲ್ಭಾಗವನ್ನು ಪುನಃ ಕ್ಷಾರೀಯವಾಗಿಸುವುದು, ತಳವು ಆಮ್ಲೀಯವಾಗಿಯೇ ಉಳಿಯುವುದು. ಲ್ಯಾಕ್ಟೋಸನ್ನು ಹುದುಗಿಸಬಲ್ಲ ದಂಡಾಣುವಿಗಾದರೋ ಹತ್ತು ಪಾಲು ಶರ್ಕರ ಇನ್ನೂ ಇರುವುದರಿಂದ ಮೇಲೂ ಕೆಳಗೂ ಆಮ್ಲವೇ ನಿಲ್ಲುತ್ತದೆ.

1917ರಲ್ಲಿ ಕ್ಲಿಗ್ಲರ್ ಎಂಬಾತನು ಸೀಸದ ಅಸಿಟೇಟನ್ನು ಬಳಸಿ, ದಂಡಾಣುವು ಹೈಡ್ರೋಜನ್ ಸಲ್ಫೈಡನ್ನು ಬಿಡುಗಡೆ ಮಾಡಿದರೆ ಮಾಧ್ಯಮವು ಕಪ್ಪಾಗುವಂತೆ ಮಾಡಿದನು. ಅದೇ ವರ್ಷ ಕ್ರುಮ್‌ವೀಡ್ ಮತ್ತು ಕೋನ್ ಎಂಬವರು ಸುಕ್ರೋಸನ್ನು ಮೂರನೆಯ ಶರ್ಕರವಾಗಿ ಸೇರಿಸಿದರು. ಲ್ಯಾಕ್ಟೋಸನ್ನು ಬಿಟ್ಟರೂ ಸುಕ್ರೋಸನ್ನು ಹುದುಗಿಸುವ ಕೆಲವು ಪ್ರೋಟಿಯಸ್ ಮೊದಲಾದ ದಂಡಾಣುಗಳು ಸಾಲ್ಮೊನೆಲ್ಲದ ವೇಷದಲ್ಲಿ ಕಾಣಿಸಿಕೊಳ್ಳುವುದನ್ನು ಇದು ತಡೆಯಿತು. ಈ ಎಳೆಗಳನ್ನು ಒಂದುಗೂಡಿಸಿ 1940ರಲ್ಲಿ ಸಲ್ಕಿನ್ ಮತ್ತು ವಿಲೆಟ್, 1945ರಲ್ಲಿ ಹಾಜ್ನ ಎಂಬವರು ಮಾಧ್ಯಮಕ್ಕೆ ಇಂದಿನ ರೂಪವನ್ನು ಕೊಟ್ಟರು. ಲೀಟರಿಗೆ ಹತ್ತು ಗ್ರಾಂ ಲ್ಯಾಕ್ಟೋಸ್, ಹತ್ತು ಗ್ರಾಂ ಸುಕ್ರೋಸ್, ಒಂದು ಗ್ರಾಂ ಗ್ಲೂಕೋಸ್. ಫೀನಾಲ್ ರೆಡ್ ಸೂಚಕ. ಗಂಧಕದ ಆಕರವಾಗಿ ಸೋಡಿಯಂ ಥಯೋಸಲ್ಫೇಟ್, ಅದರಿಂದ ಹೊರಟ ಅನಿಲವನ್ನು ಹಿಡಿದು ಕಪ್ಪಾಗಿ ತೋರಿಸಲು ಕಬ್ಬಿಣದ ಲವಣ. ಬಿತ್ತುವುದಕ್ಕೆ ಮುನ್ನ ಕಿತ್ತಳೆಗೆಂಪಾಗಿರುವ ಈ ಅಗಾರ್ ಆಮ್ಲದಲ್ಲಿ ಹಳದಿಗೂ ಕ್ಷಾರದಲ್ಲಿ ಗಾಢಗೆಂಪಿಗೂ ತಿರುಗುತ್ತದೆ; ಹುದುಗುವಿಕೆಯಿಂದ ಅನಿಲವು ಹುಟ್ಟಿದರೆ ಬಟ್‌ನಲ್ಲಿ ಗುಳ್ಳೆಗಳೇಳುವವು, ಇಲ್ಲವೇ ಅಗಾರ್ ಸೀಳಿ ತಳದಿಂದ ಮೇಲಕ್ಕೆ ತಳ್ಳಲ್ಪಡುವುದು.

ಇಮ್ವಿಕ್‌ನ ಚರಿತ್ರೆಯು ಇದಕ್ಕಿಂತ ಹಿಂದಿನಿಂದ ಆರಂಭವಾಗುತ್ತದೆ. 1898ರಲ್ಲಿ ವೋಗೆಸ್ ಮತ್ತು ಪ್ರಾಸ್ಕೌರ್ ಎಂಬವರು ಕೆಲವು ದಂಡಾಣುಗಳ ಕೃಷಿದ್ರವಕ್ಕೆ ಕ್ಷಾರವನ್ನು ಸೇರಿಸಿದಾಗ ಕೆಂಪು ಬಣ್ಣ ಮೂಡುವುದನ್ನು ಗಮನಿಸಿದ್ದರು. ಅದಕ್ಕೆ ಅಸಿಟೋಯಿನ್ ಎಂಬ ಪದಾರ್ಥವು ಕಾರಣವೆಂಬುದು ತರುವಾಯ ತಿಳಿಯಿತು. ನೀರಿನಲ್ಲಿ ದೊರೆತ ದಂಡಾಣುವು ಮಲದಿಂದ ಬಂದದ್ದೋ ಅಥವಾ ಮಣ್ಣು, ಧಾನ್ಯಗಳಿಂದ ಬಂದದ್ದೋ ಎಂಬ ವಿವಾದವು ತೀವ್ರವಾಗಿದ್ದಾಗ ಕ್ಲಾರ್ಕ್ ಮತ್ತು ಲಬ್ಸ್ 1915ರಲ್ಲಿ ಮಿಥೈಲ್ ರೆಡ್ ಪರೀಕ್ಷೆಯನ್ನು ರೂಪಿಸಿದರು: ಎಶ್ಚೆರಿಚಿಯ ಕೋಲೈ ಗ್ಲೂಕೋಸಿನಿಂದ ಹೇರಳವಾಗಿ ಆಮ್ಲವನ್ನು ಉತ್ಪಾದಿಸಿ ಅದನ್ನು ಹಾಗೆಯೇ ಬಿಡುವುದರಿಂದ ಸೂಚಕವು ಕೆಂಪಾಗಿ ಉಳಿಯುವುದು, ಮಣ್ಣು, ಧಾನ್ಯಗಳ ಏರೊಜೀನಿಸ್ ಗುಂಪಿನವು ಅದನ್ನು ಅಸಿಟೋಯಿನಿನ ಕಡೆಗೆ ತಿರುಗಿಸುವುದರಿಂದ ಹಳದಿಯಾಗುವುದು. 1923ರಲ್ಲಿ ಕೋಸರ್, ಸಿಟ್ರೇಟನ್ನೇ ಏಕೈಕ ಅಂಗಾರಮೂಲವಾಗಿ ಕೊಟ್ಟರೆ ಎರಡನೆಯ ಗುಂಪಿನವು ಬೆಳೆಯುತ್ತವೆ, ಮಲದ ಕೋಲೈ ಬೆಳೆಯದು ಎಂದು ತೋರಿಸಿದನು. 1926ರಲ್ಲಿ ಸಿಮನ್ಸ್ ಅದನ್ನು ಹಸಿರಿನಿಂದ ನೀಲಿಗೆ ತಿರುಗುವ ಅಗಾರಾಗಿ ಮಾಡಿದನು. 1928ರಲ್ಲಿ ಕೋವಾಕ್ಸನ ದ್ರವವು ಬಂದು ಇಂಡೋಲಿನ ಪರೀಕ್ಷೆಯು ಮೇಲ್ಪದರದಲ್ಲಿ ಮೂಡುವ ಕೆಂಪು ಉಂಗುರದಷ್ಟು ಸರಳವಾಯಿತು. ಈ ನಾಲ್ಕನ್ನೂ ಒಂದೇ ಹೆಸರಿನಡಿ ಕೂಡಿಸಿದವನು 1930ರ ದಶಕದಲ್ಲಿ ಪಾರ್ ಎಂಬಾತ. ಕೋಲೈ ಇಲ್ಲಿ ಮೊದಲ ಎರಡರಲ್ಲಿ ಧನ, ಕೊನೆಯ ಎರಡರಲ್ಲಿ ಋಣ. ಏರೊಜೀನಿಸ್ ನೇರ ವಿರುದ್ಧ. ಇಷ್ಟು ಸ್ಫುಟವಾದ ವಿಭಜನೆಯು ಜೀವರಸಾಯನ ಪರೀಕ್ಷೆಗಳಲ್ಲಿ ಅಪರೂಪ, ಮತ್ತು ಇಂದಿನ ವಿದ್ಯಾರ್ಥಿಯೂ ಮೊದಲಿಗೆ ಕಂಠಪಾಠ ಮಾಡುವುದು ಇದನ್ನೇ.

ಆದರೆ ನೀರಿಗೆ ಸ್ಫುಟವಾದ ಉತ್ತರವನ್ನು ಕೊಡುವ ಇಮ್ವಿಕ್ ಜ್ವರದ ಮುಂದೆ ಎಲ್ಲಿ ಮೌನವಾಗುತ್ತದೆ ಎಂಬುದಕ್ಕೆ ದಿಲ್ಲಿಯ ಅನುಭವವು ಉತ್ತಮ ನಿದರ್ಶನ. 1996ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ನವದೆಹಲಿಯ ಒಂದು ವಸತಿ ಪ್ರದೇಶದಲ್ಲಿ ಆಂತ್ರಿಕ ಜ್ವರವು ಒಮ್ಮೆಲೇ ಹರಡಿತು. ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ತಜ್ಞರು ರೋಗಿಗಳ ರಕ್ತದಿಂದ ಬೆಳೆಸಿದ ದಂಡಾಣುವು ಸಾಲ್ಮೊನೆಲ್ಲ ಟೈಫಿ ಅಲ್ಲ, ಪ್ಯಾರಾಟೈಫಿ ಎ ಆಗಿತ್ತು, ಮತ್ತು ಸಂಶಯವು ಕುಡಿಯುವ ನೀರಿನ ಕಡೆಗೆ ತಿರುಗಿತು. ಅದೊಂದು ಒಂಟಿ ಪ್ರಸಂಗವಾಗಿ ಉಳಿಯಲಿಲ್ಲ. ಅದೇ ಸಂಸ್ಥೆಯವರ ವರದಿಯಂತೆ 1994ರಲ್ಲಿ ಪ್ರತ್ಯೇಕಿಸಿದ ದಂಡಾಣುಗಳಲ್ಲಿ ನೂರಕ್ಕೆ ಆರೇಳರಷ್ಟಿದ್ದ ಪ್ಯಾರಾಟೈಫಿ ಎ 1998ರ ಹೊತ್ತಿಗೆ ನೂರಕ್ಕೆ ನಲವತ್ತನ್ನು ಮೀರಿತ್ತು. ಜ್ವರವು ಎರಡರಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾಗಿದ್ದುದರಿಂದ ಹಾಸಿಗೆಯ ಬಳಿ ನಿಂತ ವೈದ್ಯನು ಇವನ್ನು ಬೇರ್ಪಡಿಸಲಾರ. ಆದರೂ ಬೇರ್ಪಡಿಸಬೇಕಾದ ಕಾರಣವಿದೆ. ವಿಐ ಎಂಬ ಹೊರಕವಚದಿಂದ ತಯಾರಿಸಿದ ವಿಷಮಶೀತ ಜ್ವರದ ಲಸಿಕೆಯು ಆ ಕವಚವೇ ಇಲ್ಲದ ಪ್ಯಾರಾಟೈಫಿ ಎ ವಿರುದ್ಧ ರಕ್ಷಣೆಯನ್ನು ಕೊಡಲಾರದು.

ಅಂತಹ ರೋಗಿಯೊಬ್ಬನ ರಕ್ತವನ್ನು ಸಾರದಲ್ಲಿ ಬೆಳೆಸಿ ಮೆಕಾಂಕಿ ಅಗಾರಿನ ತಟ್ಟೆಗೆ ದಾಟಿಸಿದಾಗ ಲ್ಯಾಕ್ಟೋಸನ್ನು ಹುದುಗಿಸದ ಬಿಳಿಚಿದ ವಸಾಹತುಗಳು ಏಳುತ್ತವೆ ಎಂದಿಟ್ಟುಕೊಳ್ಳೋಣ. ಇಮ್ವಿಕ್ ಪರೀಕ್ಷೆಗೆ ಹಾಕಿದರೆ ಇಂಡೋಲಿನ ಉಂಗುರವು ಹಳದಿಯಾಗಿಯೇ ಉಳಿಯುತ್ತದೆ, ಮಿಥೈಲ್ ರೆಡ್ ಕೆಂಪಾಗುತ್ತದೆ, ವೋಗೆಸ್–ಪ್ರಾಸ್ಕೌರ್ ಬಣ್ಣವನ್ನು ಪಡೆಯುವುದಿಲ್ಲ, ಸಿಮನ್ಸ್ ಸಿಟ್ರೇಟ್ ಹಸಿರಾಗಿಯೇ ನಿಲ್ಲುತ್ತದೆ. ಹಲವು ಸಾಲ್ಮೊನೆಲ್ಲಗಳು ಸಿಟ್ರೇಟನ್ನು ನೀಲಿಗೆ ತಿರುಗಿಸುವುದರಿಂದ ಈ ಹಸಿರು ಗಮನಾರ್ಹ. ಆದರೆ ಟೈಫಿಯಲ್ಲಿಯೂ ಪ್ಯಾರಾಟೈಫಿ ಎಯಲ್ಲಿಯೂ ನಾಲ್ಕು ಉತ್ತರಗಳು ಹೀಗೆಯೇ ಇರುತ್ತವೆ. ಈ ಜೋಡಿಯನ್ನು ಬಿಡಿಸುವ ಹೊಣೆಯು ಟಿಎಸ್‌ಐ ಪ್ರನಾಳದ ಮೇಲೆ ಬೀಳುತ್ತದೆ. ಎರಡರಲ್ಲಿಯೂ ಸ್ಲಾಂಟ್ ಕೆಂಪು, ಬಟ್ ಹಳದಿ. ಟೈಫಿಯಾದರೆ ಬಟ್‌ನಲ್ಲಿ ಒಂದು ಗುಳ್ಳೆಯೂ ಇರುವುದಿಲ್ಲ. ಅದರ ಬದಲು ಸ್ಲಾಂಟ್ ಬಟ್‌ನ್ನು ಕೂಡುವ ಎಡೆಯಲ್ಲಿ, ಚುಚ್ಚಿದ ಗೆರೆಯ ಬಾಯಿಯಲ್ಲಿ, ಎಳೆಯ ಮೀಸೆಯಂತಹ ತೆಳುವಾದ ಕಪ್ಪು ಕಲೆ ಕಾಣಿಸುತ್ತದೆ. ಪ್ಯಾರಾಟೈಫಿ ಎ ಆದರೆ ಕಪ್ಪು ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ತಡವಾಗಿ ಮಸುಕಾಗಿ ಬರುವುದು. ಬಟ್‌ನಲ್ಲಿ ಗುಳ್ಳೆಗಳು ಇರುತ್ತವೆ. ಲೈಸಿನಿನಿಂದ ಇಂಗಾಲದ ಡೈಆಕ್ಸೈಡನ್ನು ಬಿಡಿಸುವ ಪರೀಕ್ಷೆಯಲ್ಲಿ ಟೈಫಿ ಧನವಾಗಿಯೂ ಪ್ಯಾರಾಟೈಫಿ ಎ ಋಣವಾಗಿಯೂ ಬಂದು ಈ ಓದಿಗೆ ಬೆಂಬಲವನ್ನು ಕೊಡುತ್ತವೆ.

ಇಷ್ಟಾದರೂ ತೀರ್ಪನ್ನು ಪ್ರನಾಳದಲ್ಲಿಯೇ ಕೊಡುವಂತಿಲ್ಲ. ಪ್ಯಾರಾಟೈಫಿ ಎಯ ಕೆಲವು ತಳಿಗಳು ಅನಿಲವನ್ನೇ ಬಿಡುವುದಿಲ್ಲ, ಟೈಫಿಯ ಕೆಲವು ತಳಿಗಳಲ್ಲಿ ಕಪ್ಪು ಕಾಣದು. ಅಂತಹ ಸಂದರ್ಭದಲ್ಲಿ ಕೆಂಪು ಸ್ಲಾಂಟ್, ಹಳದಿ ಬಟ್, ಗುಳ್ಳೆಯೂ ಇಲ್ಲ, ಕಪ್ಪೂ ಇಲ್ಲ ಎಂಬ ಚಿತ್ರವು ಆಮಶಂಕೆಯ ಶಿಗೆಲ್ಲದ ಚಿತ್ರವೇ ಆಗಿಬಿಡುತ್ತದೆ. ಆದಕಾರಣ ಗಾಜಿನ ತುಣುಕಿನ ಮೇಲೆ ಪ್ರತಿರಕ್ತದ್ರವದೊಡನೆ ಕಲಸಿ ಹರಳುಗಟ್ಟುವುದನ್ನು ನೋಡಬೇಕು: ಒಂಬತ್ತನೆಯ ಒ ಪ್ರತಿಜನಕದ ಪ್ರತಿರಕ್ತದ್ರವಕ್ಕೆ ಹರಳುಗಟ್ಟಿದರೆ ಅದು ಟೈಫಿಯಿರುವ ಡಿ ಗುಂಪಿನದು, ಎರಡನೆಯ ಒ ಪ್ರತಿಜನಕದ್ದಕ್ಕೆ ಹರಳುಗಟ್ಟಿದರೆ ಎ ಗುಂಪಿನ ಪ್ಯಾರಾಟೈಫಿ.

ಓದುವ ಕಾಲವನ್ನು ತಪ್ಪಿದವರು ಬಣ್ಣವನ್ನು ತಪ್ಪಾಗಿ ಓದುವರು. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನೆಂಟರಿಂದ ಇಪ್ಪತ್ತನಾಲ್ಕು ಗಂಟೆಗಳ ನಡುವೆ ನೋಡಬೇಕೆಂಬ ನಿಯಮವು ಗ್ಲೂಕೋಸ್ ತೀರುವ ವೇಗದಿಂದಲೇ ಹುಟ್ಟಿದೆ. ಎಂಟನೆಯ ಗಂಟೆಯಲ್ಲಿ ತೆಗೆದು ನೋಡಿದ ಸಾಲ್ಮೊನೆಲ್ಲದ ಪ್ರನಾಳವು ಸಂಪೂರ್ಣ ಹಳದಿಯಾಗಿದ್ದು ಕೋಲೈ ಎಂದು ಕಸಕ್ಕೆ ಹೋಗಬಹುದು. ಎರಡು ದಿನ ಮರೆತುಬಿಟ್ಟ ಪ್ರನಾಳದಲ್ಲಿ ಶರ್ಕರವೆಲ್ಲ ತೀರಿ ಹಳದಿಯಾಗಿದ್ದುದೂ ಕೆಂಪಿಗೆ ತಿರುಗಬಹುದು. ತಿರುಪು ಮುಚ್ಚಳವನ್ನು ಬಿಗಿಯಾಗಿ ಮುಚ್ಚಿದರೆ ಗಾಳಿಯ ಕೊರತೆಯಿಂದ ಸ್ಲಾಂಟ್ ಕೆಂಪಾಗಲಾರದು. ಆದುದರಿಂದ ಅದನ್ನು ಸಡಿಲಬಿಡಬೇಕು. ಕಪ್ಪು ಬಣ್ಣವು ಇಡೀ ಬಟ್‌ನ್ನು ಆವರಿಸಿದರೆ ಅಡಿಯ ಹಳದಿಯು ಕಾಣದೇ ಹೋದರೂ ಅಲ್ಲಿ ಆಮ್ಲವಿದೆಯೆಂದೇ ತಿಳಿಯಬೇಕು, ಏಕೆಂದರೆ ಥಯೋಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಹೊರಡುವುದಕ್ಕೆ ಆಮ್ಲವು ಬೇಕು. ಬಟ್‌ನಲ್ಲಿಯೂ ಹಳದಿಯೇ ಬಾರದಿದ್ದರೆ ದಂಡಾಣುವು ಕರುಳಿನ ಕುಟುಂಬಕ್ಕೇ ಸೇರಿದ್ದಲ್ಲ, ಸ್ಯೂಡೊಮೊನಸ್ ಇರಬಹುದು. ಇಮ್ವಿಕ್‌ನಲ್ಲಿ ಹೆಚ್ಚು ತೊಂದರೆ ಕೊಡುವುದು ಸಿಟ್ರೇಟ್: ಬಿತ್ತಿದ ದಂಡಾಣುವಿನ ಜೊತೆಗೆ ಹಳೆಯ ಪೆಪ್ಟೋನೂ ಹೇರಳವಾಗಿ ಬಂದರೆ ಆಹಾರ ಸಿಕ್ಕಿದ ಕೋಲೈಯೂ ಬೆಳೆದು ನೀಲಿಯನ್ನು ತೋರಬಹುದು. ಇವೆಲ್ಲಕ್ಕಿಂತ ಮಿಶ್ರ ವಸಾಹತು ಅಪಾಯಕಾರಿ. ಎರಡು ದಂಡಾಣುಗಳು ಒಂದೇ ಪ್ರನಾಳದಲ್ಲಿ ಬೆಳೆದರೆ ಯಾವ ಕೋಷ್ಟಕಕ್ಕೂ ಸಿಗದ ಬಣ್ಣಗಳು ಬರುವವು, ಇನ್ನೂ ಕೆಟ್ಟದೆಂದರೆ ಕೋಷ್ಟಕಕ್ಕೆ ಸರಿಯಾಗಿ ಸಿಕ್ಕುವ ತಪ್ಪು ಬಣ್ಣಗಳು ಬರುವವು. ಹಾಗಾಗಿ ಬಿತ್ತುವ ಮುನ್ನ ತಟ್ಟೆಯಲ್ಲಿ ವಸಾಹತನ್ನು ಮತ್ತೊಮ್ಮೆ ಶುದ್ಧಪಡಿಸಿಕೊಳ್ಳುವುದನ್ನು ಅನುಭವಿಗಳು ಬಿಡುವುದಿಲ್ಲ.

ದಿಲ್ಲಿಯ ದೊಡ್ಡ ಆಸ್ಪತ್ರೆಗಳಲ್ಲಿ ಈಗ ದಂಡಾಣುವಿನ ಪ್ರೋಟೀನುಗಳ ತೂಕವನ್ನಳೆದು ಕೆಲವೇ ನಿಮಿಷಗಳಲ್ಲಿ ಹೆಸರನ್ನು ಹೇಳುವ ಮಾಲ್ಡಿ–ಟೋಫ್ ಯಂತ್ರಗಳು ಬಂದಿವೆ, ಮತ್ತು ಇಮ್ವಿಕ್‌ನ ದಿನನಿತ್ಯದ ಕೆಲಸವನ್ನು ಅವು ಬಹುತೇಕ ಕೈಗೆತ್ತಿಕೊಂಡಿವೆ. ಸಾಲ್ಮೊನೆಲ್ಲ ಎಂಬಲ್ಲಿಯವರೆಗೆ ಯಂತ್ರವು ವಿಶ್ವಾಸಾರ್ಹ. ಅದರೊಳಗೆ ಟೈಫಿಯೋ ಪ್ಯಾರಾಟೈಫಿ ಎಯೋ ಎಂಬುದನ್ನು ನಿಶ್ಚಯವಾಗಿ ಹೇಳುವುದು ನಿತ್ಯದ ಬಳಕೆಯಲ್ಲಿ ಅದಕ್ಕೆ ಕಷ್ಟ. ಆ ಪ್ರಶ್ನೆಯು ಎದ್ದಾಗ ಅಲ್ಲಿಯೂ ಟಿಎಸ್‌ಐ ಪ್ರನಾಳವನ್ನೂ ಪ್ರತಿರಕ್ತದ್ರವದ ಸೀಸೆಗಳನ್ನೂ ಶೀತಕದಿಂದ ಹೊರಗೆ ತೆಗೆಯಲಾಗುತ್ತದೆ. ಯಂತ್ರವಿಲ್ಲದ ಚಿಕ್ಕ ಪ್ರಯೋಗಾಲಯಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಕೆಲಸವು ಇವುಗಳಿಂದಲೇ ನಡೆಯುತ್ತದೆ.