ಐದು ಪೌಂಡಿನ ನೌಕರಿ

ತನ್ನ ಹಣವನ್ನು ಇನ್ನೊಬ್ಬನ ಕೈಗೆ ಕೊಟ್ಟು ವ್ಯಾಪಾರ ಮಾಡಿಸುವವನಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಆ ಕೈ ನನಗಾಗಿ ದುಡಿಯುತ್ತದೆಯೋ, ತನಗಾಗಿ ದುಡಿಯುತ್ತದೆಯೋ? ಇಂದಿನ ಅರ್ಥಶಾಸ್ತ್ರಜ್ಞರು ಇದನ್ನು ಷೇರುದಾರರಿಗೂ ವ್ಯವಸ್ಥಾಪಕರಿಗೂ ನಡುವಿನ ಹಿತಾಸಕ್ತಿಯ ತಿಕ್ಕಾಟವೆನ್ನುತ್ತಾರೆ. ಸಂಬಳದ ಕರಾರನ್ನು ಜಾಣತನದಿಂದ ಬರೆದರೆ ಇಬ್ಬರ ಹಿತವನ್ನೂ ಒಂದೇ ದಾರಿಗೆ ತರಬಹುದೆಂಬುದು ಅವರ ನಂಬಿಕೆ. ಈ ಪ್ರಯೋಗ ಬಹು ದೊಡ್ಡ ಪ್ರಮಾಣದಲ್ಲಿ ನಡೆದುದು ನಮ್ಮ ದೇಶದಲ್ಲಿಯೇ. ಅದನ್ನು ನಡೆಸಿದುದು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ.

ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಈ ಕಂಪನಿಯ ಒಡೆಯರು ಲಂಡನ್ನಿನ ಷೇರುದಾರರು. ಅವರು ಆರಿಸಿದ 24 ಮಂದಿ ನಿರ್ದೇಶಕರು ಅಲ್ಲಿ ಕುಳಿತು ಆಜ್ಞೆ ಬರೆಯುತ್ತಿದ್ದರು. ಹಡಗು ಕಲ್ಕತ್ತೆಯನ್ನು ಮುಟ್ಟಲು ಆರು ತಿಂಗಳಾದರೂ ಬೇಕು. ಒಂದು ಪ್ರಶ್ನೆ ಹೋಗಿ ಉತ್ತರ ಬರುವ ಹೊತ್ತಿಗೆ ವರ್ಷ ಕಳೆದಿರುತ್ತಿತ್ತು. ಇಷ್ಟು ದೂರದಿಂದ ನೌಕರನ ಮೇಲೆ ಕಣ್ಣಿಡುವುದು ಆಗದ ಮಾತು. ಆದುದರಿಂದ ಕಂಪನಿ ಕಣ್ಣಿನ ಬದಲು ಕಾಗದವನ್ನು ನಂಬಿತು. ಹೊಸದಾಗಿ ಸೇರುವ ತರುಣನಿಂದ ಕರಾರುಪತ್ರ ಬರೆಸಿಕೊಂಡಿತು, ಜಾಮೀನು ತೆಗೆದುಕೊಂಡಿತು.

ಆ ಕರಾರಿನಲ್ಲಿದ್ದ ಸಂಬಳವಾದರೂ ಎಷ್ಟು? 'ರೈಟರ್' ಎಂಬ ಕಿರಿಯ ಗುಮಾಸ್ತೆಗೆ ವರ್ಷಕ್ಕೆ 5 ಪೌಂಡು. ಮೇಲಿನ ದರ್ಜೆಯ ಹಿರಿಯ ವರ್ತಕನಿಗೂ 40 ಪೌಂಡು ಮಾತ್ರ. ಆದರೂ ಈ ನೌಕರಿಗಾಗಿ ಇಂಗ್ಲೆಂಡಿನ ಒಳ್ಳೆಯ ಮನೆತನಗಳು ನಿರ್ದೇಶಕರ ಬಾಗಿಲು ಕಾಯುತ್ತಿದ್ದವು. ಗುಟ್ಟು ಇದ್ದುದು ಸಂಬಳದಲ್ಲಲ್ಲ. ಏಷ್ಯದ ಬಂದರುಗಳ ನಡುವೆಯೂ ಒಳನಾಡಿನಲ್ಲಿಯೂ ನೌಕರನು ಸ್ವಂತ ವ್ಯಾಪಾರ ಮಾಡಿಕೊಳ್ಳಬಹುದೆಂದು ಕಂಪನಿ ಒಪ್ಪಿತ್ತು. ಯೂರೋಪಿನ ವ್ಯಾಪಾರವನ್ನು ಮಾತ್ರ ತನಗೆ ಕಾದಿರಿಸಿಕೊಂಡಿತ್ತು. ಷೇರುದಾರರ ಕಣ್ಣಿಗೆ ಇದು ಲಾಭದ ಏರ್ಪಾಟೆಂದೇ ತೋರಿರಬೇಕು. ಸಂಬಳದ ಭಾರ ತಮಗಿಲ್ಲ, ನೌಕರನೂ ಸಂತುಷ್ಟ.

ಆದರೆ ಒಂದೇ ಮನುಷ್ಯ ಬೆಳಿಗ್ಗೆ ಕಂಪನಿಗಾಗಿ ಬಟ್ಟೆ ಕೊಂಡು, ಸಂಜೆ ತನಗಾಗಿ ಬಟ್ಟೆ ಕೊಂಡರೆ, ಒಳ್ಳೆಯ ಥಾನು ಯಾರ ಮೂಟೆಗೆ ಹೋದೀತು? 1717ರಲ್ಲಿ ಬಾದಶಹ ಫರ್ರೂಖ್‌ಸಿಯರ್ ಕಂಪನಿಯ ಸರಕಿಗೆ ಬಂಗಾಳದಲ್ಲಿ ಸುಂಕ ಮಾಫಿ ಮಾಡಿದ್ದನು. ಆ ರಹದಾರಿಗೆ 'ದಸ್ತಕ್' ಎಂದು ಹೆಸರು. ನೌಕರರು ಅದನ್ನು ತಮ್ಮ ಸ್ವಂತ ಸರಕಿಗೂ ಬಳಸಿದರು. ದೇಶೀಯ ವರ್ತಕ ಸುಂಕ ತೆತ್ತು ಸೋತನು, ನವಾಬನ ಬೊಕ್ಕಸ ಬರಿದಾಯಿತು. ನವಾಬ ಮೀರ್ ಕಾಸಿಮನು ಬೇಸತ್ತು ಎಲ್ಲರಿಗೂ ಸುಂಕವನ್ನೇ ತೆಗೆದುಹಾಕಿದಾಗ ಕಲ್ಕತ್ತೆಯ ಕೌನ್ಸಿಲು ಸಿಡಿದೆದ್ದಿತು. 1763ರಲ್ಲಿ ಯುದ್ಧ ಹತ್ತಿತು. ಯುದ್ಧದ ವೆಚ್ಚವನ್ನು ಕಂಪನಿ ಹೊರಬೇಕು, ಆದರೆ ಯುದ್ಧಕ್ಕೆ ಕಾರಣವಾದ ಲಾಭ ನೌಕರರದು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ನಿರ್ದೇಶಕರು ಎಚ್ಚೆತ್ತು, ನೌಕರರು ಕಾಣಿಕೆ ಸ್ವೀಕರಿಸಬಾರದೆಂದು ಹೊಸ ಕರಾರನ್ನು ಬರೆದು ಕಳುಹಿಸಿದರು. ಅದು 1765ರ ಆರಂಭದಲ್ಲಿ ಕಲ್ಕತ್ತೆಗೆ ಬಂದಿತು. ಸ್ವಲ್ಪದರಲ್ಲೇ ನವಾಬ ಮೀರ್ ಜಾಫರ್ ತೀರಿಕೊಂಡನು. ಕೌನ್ಸಿಲಿನ ಸದಸ್ಯರು ಕರಾರಿಗೆ ರುಜು ಹಾಕದೆ ಬದಿಗಿಟ್ಟು, ಅವನ ಮಗನನ್ನು ಗದ್ದುಗೆಗೇರಿಸಿ, ಕಾಣಿಕೆ ಹಂಚಿಕೊಂಡರು. ಆ ಬೇಸಗೆಯಲ್ಲಿ ಬಂದಿಳಿದ ಕ್ಲೈವನು ರುಜು ಹಾಕಿಸಿದನು. ಆದರೆ 5 ಪೌಂಡಿನ ಸಂಬಳದಲ್ಲಿ ಪ್ರಾಮಾಣಿಕತೆಯನ್ನು ಬೇಡುವುದು ನಡೆಯದೆಂದು ಅವನೂ ಬಲ್ಲನು. ಅದಕ್ಕೆ ಅವನು ಕಂಡುಕೊಂಡ ಉಪಾಯವೆಂದರೆ ಹಿರಿಯ ನೌಕರರಿಗೆ ಉಪ್ಪು, ಅಡಕೆ, ತಂಬಾಕುಗಳ ಏಕಸ್ವಾಮ್ಯದಲ್ಲಿ ದರ್ಜೆಗೆ ತಕ್ಕ ಪಾಲು. ಬಡವನ ಗಂಜಿಯ ಉಪ್ಪೇ ಸಾಹೇಬನ ಸಂಬಳವಾಯಿತು. ಲಂಡನ್ನಿನವರು ಇದನ್ನು ಒಪ್ಪದೆ ನಿಲ್ಲಿಸಿದರು. ಅದರ ಬದಲಿಗೆ ಬಂಗಾಳದ ದಿವಾನಿ ಕಂದಾಯದ ನಿವ್ವಳ ಉತ್ಪತ್ತಿಯ ಮೇಲೆ ಶೇಕಡ ಎರಡೂವರೆ ಕಮಿಷನ್ ಕೊಟ್ಟರು.

ಕಾಗದದ ಮೇಲೆ ಇದಕ್ಕಿಂತ ಉತ್ತಮವಾದ ಕರಾರಿಲ್ಲ. ಕಂದಾಯ ಏರಿದರೆ ಷೇರುದಾರನಿಗೆ ಲಾಭ, ನೌಕರನಿಗೂ ಲಾಭ. ಒಡೆಯನ ಹಿತವೂ ಆಳಿನ ಹಿತವೂ ಕೊನೆಗೂ ಒಂದಾದವು.

ಆಗ ಬಂದಿತು 1769–70ರ ಕ್ಷಾಮ. ಮಳೆ ಕೈಕೊಟ್ಟಿತು, ಬಂಗಾಳದಲ್ಲಿ ಲಕ್ಷಾಂತರ ಜನ ಸತ್ತರು. ಜನಸಂಖ್ಯೆಯಲ್ಲಿ ಮೂರನೆಯ ಒಂದು ಪಾಲು ಅಳಿಯಿತೆಂದು ವಾರನ್ ಹೇಸ್ಟಿಂಗ್ಸ್ ಅಂದಾಜು ಮಾಡಿದನು. ಇಂದಿನ ಇತಿಹಾಸಕಾರರಲ್ಲಿ ಆ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ಸಾವು ಅಪಾರವೆಂಬುದರ ಬಗ್ಗೆ ಸಂದೇಹವಿಲ್ಲ. ಬೆದರಿಸುವ ಮಾತು ಇನ್ನೊಂದಿದೆ. 1772ರ ನವೆಂಬರಿನಲ್ಲಿ ಅವನೇ ನಿರ್ದೇಶಕರಿಗೆ ಬರೆದಂತೆ, ಕ್ಷಾಮದ ಮರುವರ್ಷ, ಅಂದರೆ 1771ರಲ್ಲಿ, ನಿವ್ವಳ ಕಂದಾಯ 1768ರದನ್ನೂ ಮೀರಿತ್ತು. ಬಲಾತ್ಕಾರದಿಂದಲೇ ಅದನ್ನು ಹಳೆಯ ಮಟ್ಟದಲ್ಲಿ ನಿಲ್ಲಿಸಲಾಯಿತೆಂದು ಅವನು ಮುಚ್ಚುಮರೆಯಿಲ್ಲದೆ ಒಪ್ಪಿದನು. ಸತ್ತವರ, ಊರು ಬಿಟ್ಟವರ ಬಾಕಿಯನ್ನು ಉಳಿದ ನೆರೆಯವರ ಮೇಲೆ ಹೇರುವ 'ನಜಾಯ್' ಎಂಬ ತೆರಿಗೆ ಅದರ ಒಂದು ಸಾಧನ.

ಇದೆಲ್ಲವನ್ನೂ ಕಮಿಷನ್ನಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಒಡೆಯರ ಆಸೆಯೂ ಸಣ್ಣದಾಗಿರಲಿಲ್ಲ. 1766ರಲ್ಲಿ ಶೇಕಡ ಆರರಿಂದ ಹತ್ತಕ್ಕೆ ಏರಿಸಿಕೊಂಡ ಡಿವಿಡೆಂಡನ್ನು, ಕ್ಷಾಮದ ಬೆನ್ನಿಗೇ, 1771ರಲ್ಲಿ ಹನ್ನೆರಡೂವರೆಗೆ ಒಯ್ದರು. ಅಷ್ಟೇ ಅಲ್ಲ, ಒಡೆಯ ಯಾರು, ಆಳು ಯಾರು ಎಂಬುದೇ ಆ ವೇಳೆಗೆ ಕಲಸಿಹೋಗಿತ್ತು. 500 ಪೌಂಡಿನ ಷೇರಿಗೆ ಒಂದು ಮತ. ಬಂಗಾಳದಿಂದ ಹಣವಂತರಾಗಿ ಮರಳಿದವರು ಷೇರು ಕೊಂಡು, ಅದನ್ನು ಐನೂರೈನೂರರ ತುಂಡುಗಳಾಗಿ ಸ್ನೇಹಿತರ ಹೆಸರಿಗೆ ಹಂಚಿ, ತಮ್ಮನ್ನು ವಿಚಾರಿಸಬೇಕಾದ ನಿರ್ದೇಶಕರನ್ನು ತಾವೇ ಆರಿಸತೊಡಗಿದರು. 1772ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು ಸರ್ಕಾರದ ಮುಂದೆ ಕೈಯೊಡ್ಡಿತು. ಮರುವರ್ಷದ ಕಾಯಿದೆ ಮತದ ಅರ್ಹತೆಯನ್ನು 1000 ಪೌಂಡಿಗೆ ಏರಿಸಿ, ಒಂದು ವರ್ಷ ಷೇರು ಇಟ್ಟುಕೊಂಡವನಿಗೆ ಮಾತ್ರ ಮತವೆಂದಿತು. ಗವರ್ನರ್ ಜನರಲ್‌ಗೆ 25,000 ಪೌಂಡಿನ ಸಂಬಳವನ್ನು ಗೊತ್ತುಮಾಡಿ, ಕಾಣಿಕೆಯನ್ನೂ ಸ್ವಂತ ವ್ಯಾಪಾರವನ್ನೂ ನಿಷೇಧಿಸಿತು.

ಕೆಳಗಿನವರಿಗೆ ಈ ನೀತಿಯನ್ನು ಒಯ್ದವನು 1786ರಲ್ಲಿ ಬಂದ ಕಾರ್ನ್‌ವಾಲಿಸ್. ಕಾಶಿಯ ರೆಸಿಡೆಂಟನ ಸಂಬಳ ತಿಂಗಳಿಗೆ 1000 ರೂಪಾಯಿ. ಅವನ ಒಟ್ಟು ಗಳಿಕೆ ವರ್ಷಕ್ಕೆ ಸುಮಾರು ನಾಲ್ಕು ಲಕ್ಷವೆಂದು ಅವನಿಗೆ ತಿಳಿದುಬಂದಿತು. ಅವನು ಕಲೆಕ್ಟರನಿಗೆ ತಿಂಗಳಿಗೆ 1500 ರೂಪಾಯಿ ಗೊತ್ತುಮಾಡಿ ವ್ಯಾಪಾರವನ್ನು ಬಿಡಿಸಿದನು. ಕಳ್ಳತನ ನಿಜವಾಗಿಯೂ ತಗ್ಗಿತು. ಕಳೆದುಕೊಳ್ಳಲು ಒಳ್ಳೆಯ ಸಂಬಳವಿದ್ದವನಿಗೆ ಭಯವಿರುತ್ತದೆ. ಆದರೂ ವಸೂಲಿಯ ಮೇಲೆ ಸುಮಾರು ಶೇಕಡ ಒಂದರ ಕಮಿಷನ್ನನ್ನು ಅವನೂ ಉಳಿಸಿದನು. ಈ ಔದಾರ್ಯ ಭಾರತೀಯ ನೌಕರನವರೆಗೆ ಬರಲಿಲ್ಲ. ಹಿರಿಯ ಹುದ್ದೆಗಳು ಅವನಿಗೆ ಮುಚ್ಚಿಹೋದವು. ಕಡಿಮೆ ಸಂಬಳ ಮನುಷ್ಯನನ್ನು ಕೆಡಿಸುತ್ತದೆಂಬ ವಿವೇಕ ಅವನ ವಿಷಯದಲ್ಲಿ ಯಾರಿಗೂ ಹೊಳೆಯಲಿಲ್ಲ.

1976ರಲ್ಲಿ ಜೆನ್ಸನ್ ಮತ್ತು ಮೆಕ್ಲಿಂಗ್ ಎಂಬ ಅಮೆರಿಕದ ವಿದ್ವಾಂಸರು ಈ ಸಮಸ್ಯೆಗೆ ಶಾಸ್ತ್ರದ ರೂಪ ಕೊಟ್ಟರು. 1990ರ ದಶಕದಲ್ಲಿ ಅಲ್ಲಿಯ ಕಂಪನಿಗಳು ವ್ಯವಸ್ಥಾಪಕರಿಗೆ ಸಂಬಳಕ್ಕಿಂತ ಹೆಚ್ಚಾಗಿ, ಇಂದಿನ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕನ್ನೇ ಕೊಟ್ಟವು. ಷೇರಿನ ಬೆಲೆಯೇ ಅಳತೆಗೋಲಾದುದರಿಂದ ಕೆಲವರು ವ್ಯಾಪಾರವನ್ನಲ್ಲ, ಬೆಲೆಯನ್ನು ಬೆಳೆಸಿದರು. 2001ರಲ್ಲಿ ಎನ್ರಾನ್ ಕುಸಿದಾಗ ಅದು ಜಗತ್ತಿಗೆ ಕಾಣಿಸಿತು.

ಬಂಗಾಳದ ಕಥೆಯಲ್ಲಿ ಕರಾರು ಎರಡು ಬಗೆಯಾಗಿ ಸೋತಿತು. 5 ಪೌಂಡಿನ ಕರಾರು ಒಡೆಯನಿಗೂ ಆಳಿಗೂ ನಡುವೆ ಬಿರುಕನ್ನು ಬಿಟ್ಟಿತು; ಆ ಬಿರುಕಿನಲ್ಲಿ ನವಾಬನೂ ವರ್ತಕನೂ ಬಿದ್ದರು. ಎರಡೂವರೆಯ ಕರಾರು ಬಿರುಕನ್ನು ಮುಚ್ಚಿತು. ಆದರೆ ಕಂದಾಯ ತೆರುವ ರೈತನು ಆ ಕಾಗದಕ್ಕೆ ಕಕ್ಷಿಯಾಗಿರಲಿಲ್ಲ. ಅವನ ಬದುಕು ಅದರ ಯಾವ ಕಲಮಿನಲ್ಲಿಯೂ ಲೆಕ್ಕಕ್ಕೆ ಬರಲಿಲ್ಲ. ಇಬ್ಬರ ಹಿತ ಒಂದಾದ ದಿನವೇ ಮೂರನೆಯವನನ್ನು ಕಾಯುವವರು ಇಲ್ಲವಾದರು.